ತೊಟ್ಟಿಲಿಗೆ ಹಾಕುವ ವಾರವೇ ಕೂಸಿನ ಉಪ್ಪು ಇಳಿಯುವ ವಾರ

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವುದು 12 ಅಥವಾ 13ನೇ ದಿನ. ಗದಗ ಕಡೆಯ ಒಂದು ಮನೆಯಲ್ಲಿ ಅವತ್ತು ಗುಗ್ಗರಿಗೆ ಕಾಳು ಬೇಯಲು ಇಟ್ಟಿದ್ದರು, ಬೀಗರು ಬಂದು ಕೂತಿದ್ದರು. ಕೂಸು ಮಾತ್ರ ಬೆಳಗಿನಿಂದ ನಾಲ್ಕು ಸಲ ವಾಂತಿ ಮಾಡಿತ್ತು. ಶಾಸ್ತ್ರ ಅರ್ಧಕ್ಕೆ ಬಿಟ್ಟು ಹುಬ್ಬಳ್ಳಿಗೆ ಕರೆತಂದರು. ನಾನು ಮಕ್ಕಳ ವೈದ್ಯೆ. ಆ ದಿನ ನನ್ನ ಮೇಜಿನ ಮೇಲೆ ಮಲಗಿದ್ದ ಆ ಕೂಸಿನ ಮೂಲಕವೇ, ಹುಟ್ಟಿನಿಂದಲೇ ಬರುವ ಅಡ್ರಿನಲ್ ಗ್ರಂಥಿಯ ಕಾಯಿಲೆಯೊಂದನ್ನು, ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾವನ್ನು ವಿವರಿಸುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

"ಹಾಲು ಕುಡೀವಲ್ದು ರೀ, ಕುಡಿದಿದ್ದೂ ನಿಲ್ಲವಲ್ದು. ದೃಷ್ಟಿ ಆಗೇತೇನೋ ಅಂತ ಮೆಣಸಿನಕಾಯಿ ನಿವಾಳಿಸಿದ್ವಿ," ಎಂದರು ಅಜ್ಜಿ. ತಾಯಿ ಏನೂ ಮಾತಾಡಲಿಲ್ಲ. ಎರಡು ವರ್ಷದ ಹಿಂದೆ ಆಕೆಯ ಮೊದಲ ಗಂಡು ಕೂಸು 17ನೇ ದಿನ ಹೀಗೇ ವಾಂತಿ ಮಾಡುತ್ತಾ ಮಾಡುತ್ತಾ ಹೋಗಿಬಿಟ್ಟಿತ್ತು. ಚೀಟಿಯಲ್ಲಿ "ನಂಜು" ಎಂದು ಬರೆದಿತ್ತು.

ಆಶಾ ಕಾರ್ಯಕರ್ತೆ ತೂಕ ಬರೆದಿಟ್ಟ ಕಾರ್ಡು ಅಜ್ಜಿಯ ಸೆರಗಿನ ಗಂಟಿನಲ್ಲಿತ್ತು. ಹುಟ್ಟಿದಾಗ 2.9 ಕಿಲೋ. 3ನೇ ದಿನ 2.75. 7ನೇ ದಿನ 2.7. ನನ್ನ ತಕ್ಕಡಿಯಲ್ಲಿ ಈಗ 2.5. ಹುಟ್ಟಿದ ಮೊದಲ ಕೆಲವು ದಿನ ಎಲ್ಲ ಕೂಸುಗಳೂ ಸ್ವಲ್ಪ ತೂಕ ಕಳೆದುಕೊಳ್ಳುತ್ತವೆ, ಶೇಕಡ 10ರ ಒಳಗೆ. ಆಮೇಲೆ ಏರತೊಡಗಿ, 10ರಿಂದ 14 ದಿನದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತವೆ. ಈ ಕೂಸು ಏರಲೇ ಇಲ್ಲ. 400 ಗ್ರಾಂ ಹೋಗಿತ್ತು, ಅಂದರೆ ಸುಮಾರು ಶೇಕಡ 14. ನೆತ್ತಿ ಗುಳಿ ಬಿದ್ದಿತ್ತು, ನಾಲಿಗೆ ಒಣಗಿತ್ತು.

ಹೆರಿಗೆ ಆಸ್ಪತ್ರೆಯ ಚೀಟಿಯಲ್ಲಿ ಇನ್ನೊಂದು ಸಾಲಿತ್ತು: "ಗಂಡು ಮಗು, ಎರಡೂ ಬೀಜ ಇಳಿದಿಲ್ಲ." ನಾನು ನಿಂತಿದ್ದು ಆ ಸಾಲಿನ ಮೇಲೆ. ನೋಡಲು ಸಣ್ಣ ಶಿಶ್ನದ ಹಾಗೆ ಇತ್ತು. ಆದರೆ ಮೂತ್ರದ ದಾರಿ ತುದಿಯಲ್ಲಿ ಇರಲಿಲ್ಲ, ಕೆಳಗೆ ಬುಡದಲ್ಲಿತ್ತು. ಅದರ ಕೆಳಗಿನ ಚೀಲ ಸುಕ್ಕುಗಟ್ಟಿ, ಮೈಬಣ್ಣಕ್ಕಿಂತ ತುಂಬಾ ಕಪ್ಪಗಿತ್ತು. ಬೆರಳು ಬೆಚ್ಚಗೆ ಮಾಡಿಕೊಂಡು ತೊಡೆಸಂದಿನಿಂದ ಕೆಳಕ್ಕೆ ಮೆಲ್ಲಗೆ ಒತ್ತುತ್ತಾ ಬಂದೆ. ಎರಡೂ ಕಡೆ ಏನೂ ಸಿಗಲಿಲ್ಲ.

ಎರಡೂ ಬೀಜ ಕೈಗೆ ಸಿಗದ "ಗಂಡು" ಕೂಸು ಬಂದರೆ, ಪರೀಕ್ಷೆಯಲ್ಲಿ ಅಲ್ಲ ಎಂದು ಗೊತ್ತಾಗುವವರೆಗೆ ಅದನ್ನು ಅಡ್ರಿನಲ್ ಗ್ರಂಥಿಯ ಕಾಯಿಲೆ ಇರುವ ಹೆಣ್ಣು ಕೂಸು ಅಂತಲೇ ನೋಡಬೇಕು. ಈ ಪಾಠ ನಮಗೆಲ್ಲ ಕಾಲೇಜಿನಲ್ಲೇ ಆಗಿರುತ್ತದೆ. ಆದರೂ ಹೆರಿಗೆ ಕೋಣೆಯ ಗಡಿಬಿಡಿಯಲ್ಲಿ "ಬೀಜ ಆಮೇಲೆ ಇಳಿಯುತ್ತವೆ, ವರ್ಷ ಬಿಟ್ಟು ಬನ್ನಿ" ಎಂದು ಬರೆದು ಕಳಿಸಿಬಿಡುವುದು ಇನ್ನೂ ನಡೆಯುತ್ತದೆ. ಒಂದು ಬೀಜ ಇಳಿಯದಿದ್ದರೆ ಕಾಯಬಹುದು. ಎರಡೂ ಸಿಗದಿದ್ದರೆ ಒಂದು ವಾರ ಕೂಡ ಕಾಯುವ ಹಾಗಿಲ್ಲ.

ರಕ್ತದ ವರದಿ ಒಂದು ಗಂಟೆಯೊಳಗೆ ಬಂತು. ಸೋಡಿಯಂ 114. ಇರಬೇಕಾದದ್ದು 135ರಿಂದ 145. ಪೊಟ್ಯಾಸಿಯಂ 7.9. ಎಳೆಗೂಸಿಗೆ 6 ದಾಟಿದರೇ ಚಿಂತೆ. ಸಕ್ಕರೆ 48.

ಒಳಗೆ ಏನು ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಎರಡೂ ಕಿಡ್ನಿಗಳ ಮೇಲೆ ಟೊಪ್ಪಿಗೆಯ ಹಾಗೆ ಕೂತಿರುವ ಗ್ರಂಥಿಗಳೇ ಅಡ್ರಿನಲ್. ಕೊಲೆಸ್ಟ್ರಾಲನ್ನು ಹಂತಹಂತವಾಗಿ ಬದಲಿಸುತ್ತಾ ಅವು ಮೂರು ಬಗೆಯ ಹಾರ್ಮೋನು ತಯಾರಿಸುತ್ತವೆ. ಕಾರ್ಟಿಸಾಲ್ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹಿಡಿದಿಡುತ್ತದೆ, ಜ್ವರ-ಪೆಟ್ಟು ಬಂದಾಗ ಮೈಯನ್ನು ಕಾಯುತ್ತದೆ. ಅಲ್ಡೋಸ್ಟಿರಾನ್ "ಉಪ್ಪು ಬಿಡಬೇಡ, ಪೊಟ್ಯಾಸಿಯಂ ಹೊರಗೆ ಹಾಕು" ಎಂದು ಕಿಡ್ನಿಗೆ ಹೇಳುತ್ತದೆ. ಮೂರನೆಯದು ಆಂಡ್ರೋಜನ್, ಗಂಡು ಹಾರ್ಮೋನಿನ ಗುಂಪು. ಮೊದಲ ಎರಡನ್ನೂ ತಯಾರಿಸಲು 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಬೇಕೇ ಬೇಕು. ಮೂರನೆಯದಕ್ಕೆ ಬೇಡ.

ಮಲಪ್ರಭೆ ಕಾಲುವೆಯ ನೀರು ಕಂಡ ನವಲಗುಂದ, ನರಗುಂದದ ರೈತರಿಗೆ ಇದನ್ನು ಹೇಳುವುದು ಸುಲಭ. ಮೂರು ಹೊಲಕ್ಕೆ ಹೋಗುವ ಕಾಲುವೆಯಲ್ಲಿ ಎರಡು ತೂಬು ಮುಚ್ಚಿವೆ. ಆ ಎರಡು ಹೊಲ ಒಣಗುತ್ತವೆ. ನೀರು ಬಂದಿಲ್ಲ ಎಂದು ಮೇಲಿನವರು ಇನ್ನೂ ಜಾಸ್ತಿ ನೀರು ಬಿಡುತ್ತಾರೆ. ಅದೆಲ್ಲ ಮೂರನೇ ಹೊಲಕ್ಕೇ ನುಗ್ಗುತ್ತದೆ. ಮೈಯಲ್ಲಿ ಈ "ಮೇಲಿನವರು" ಅಂದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ. ಕಾರ್ಟಿಸಾಲ್ ಸಾಲದು ಎಂದು ಅದು ಅಡ್ರಿನಲ್‌ಗೆ ಆಜ್ಞೆಯ ಮೇಲೆ ಆಜ್ಞೆ ಕಳಿಸುತ್ತದೆ. ಗ್ರಂಥಿ ದಪ್ಪ ಆಗುತ್ತದೆ, ಅದೇ ಹೈಪರ್‌ಪ್ಲೇಸಿಯಾ. ಆ ಆಜ್ಞೆಯ ಹಾರ್ಮೋನೇ ಚರ್ಮವನ್ನೂ ಕಪ್ಪಾಗಿಸುತ್ತದೆ. ಆಂಡ್ರೋಜನ್ ಮಿತಿಮೀರಿ ಹೊರಬರುತ್ತದೆ.

ಇದೆಲ್ಲ ಶುರುವಾಗುವುದು ಗರ್ಭದಲ್ಲೇ. ಹೊರಗಿನ ಜನನಾಂಗ ರೂಪ ತಾಳುವುದು ಮೂರನೇ ತಿಂಗಳ ಸುಮಾರಿಗೆ. ಆಗ ಹೆಣ್ಣು ಭ್ರೂಣದ ಮೇಲೆ ಆಂಡ್ರೋಜನ್ ಜಾಸ್ತಿ ಬಿದ್ದರೆ ಚಂದ್ರನಾಡಿ ದೊಡ್ಡದಾಗುತ್ತದೆ, ಯೋನಿಯ ತುಟಿಗಳು ಕೂಡಿಕೊಂಡು ಚೀಲದ ಹಾಗೆ ಕಾಣುತ್ತವೆ. ಎಷ್ಟರ ಮಟ್ಟಿಗೆ ಬದಲಾಗಿದೆ ಎಂಬುದನ್ನು ವೈದ್ಯರು ಪ್ರೇಡರ್ ಅಳತೆಯಲ್ಲಿ 1ರಿಂದ 5 ಎಂದು ಬರೆಯುತ್ತಾರೆ. 4, 5 ಆದರೆ ನೋಡಿದವರು ಗಂಡು ಎಂದೇ ಹೇಳುತ್ತಾರೆ. ಒಳಗೆ ಮಾತ್ರ ಗರ್ಭಕೋಶ, ಅಂಡಾಶಯ ಎರಡೂ ಸರಿಯಾಗಿಯೇ ಇರುತ್ತವೆ.

ಹಾಗಾದರೆ ಉಪ್ಪಿನ ತೊಂದರೆ ಎರಡನೇ ವಾರದವರೆಗೆ ಯಾಕೆ ಕಾಯುತ್ತದೆ? ಹೊಟ್ಟೆಯಲ್ಲಿರುವಾಗ ಉಪ್ಪು-ನೀರಿನ ಲೆಕ್ಕವನ್ನು ಹೊಕ್ಕಳಬಳ್ಳಿಯ ಮೂಲಕ ತಾಯಿಯೇ ನೋಡಿಕೊಳ್ಳುತ್ತಾಳೆ. ಹುಟ್ಟಿದ ಮೇಲೆ ಕೂಸಿನ ಕಿಡ್ನಿ ದಿನಾ ಸ್ವಲ್ಪ ಸ್ವಲ್ಪ ಉಪ್ಪನ್ನು ಮೂತ್ರಕ್ಕೆ ಬಿಡುತ್ತಾ ಹೋಗುತ್ತದೆ. ತಾಯಿ ಹಾಲಿನಲ್ಲಿ ಸೋಡಿಯಂ ಕಡಿಮೆ. ಬೇರೆ ಕೂಸುಗಳಿಗೆ ಅಷ್ಟೇ ಸಾಕು. ಈ ಕೂಸು ಕಳೆದುಕೊಂಡದ್ದನ್ನು ತುಂಬಲು ಮಾತ್ರ ಆಗುವುದಿಲ್ಲ. ಹಾಗಾಗಿ ಮೂರನೇ ದಿನ ಮನೆಗೆ ಹೋಗುವಾಗ ಕೂಸು ಚೆನ್ನಾಗಿಯೇ ಇರುತ್ತದೆ. ಒಂದರಿಂದ ಮೂರು ವಾರದೊಳಗೆ ಕುಸಿಯುತ್ತದೆ. ಈ ಕಾಯಿಲೆಯ ತೀವ್ರ ಬಗೆಯಲ್ಲಿ ನಾಲ್ಕರಲ್ಲಿ ಮೂರು ಮಕ್ಕಳಿಗೆ ಉಪ್ಪು ಇಳಿಯುವ ತೊಂದರೆ ಇರುತ್ತದೆ.

ನನಗೆ ಜಾಸ್ತಿ ಸಂಕಟ ಆಗುವುದು ಗಂಡು ಕೂಸುಗಳ ಬಗ್ಗೆ. ಅವರ ಜನನಾಂಗ ನೋಡಲು ಸರಿಯಾಗಿಯೇ ಇರುತ್ತದೆ. ಚರ್ಮ ಸ್ವಲ್ಪ ಕಪ್ಪಗಿದ್ದರೂ ಯಾರ ಗಮನಕ್ಕೂ ಬರುವುದಿಲ್ಲ. ಹೆಣ್ಣು ಕೂಸಿಗೆ ಸಿಗುವ ಎಚ್ಚರಿಕೆ ಗಂಡು ಕೂಸಿಗೆ ಸಿಗುವುದೇ ಇಲ್ಲ. ವಾಂತಿ ಶುರುವಾದಾಗ ನಂಜು ಅನ್ನುತ್ತಾರೆ, ಭೇದಿ ಅನ್ನುತ್ತಾರೆ, ಜಠರದ ಬಾಯಿ ಕಟ್ಟಿಕೊಂಡಿದೆ ಅನ್ನುತ್ತಾರೆ. ಕಾಯಿಲೆ ಹೆಣ್ಣು-ಗಂಡಿಗೆ ಸಮನಾಗಿ ಬರುತ್ತದೆ. ಆದರೂ ಹುಟ್ಟಿದ ಕೂಡಲೇ ತಪಾಸಣೆ ಇಲ್ಲದ ಕಡೆಗಳಲ್ಲಿ ಚಿಕಿತ್ಸೆಗೆ ಬರುವವರಲ್ಲಿ ಹುಡುಗಿಯರೇ ಜಾಸ್ತಿ. ಉಳಿದ ಹುಡುಗರು ಎಲ್ಲಿ ಹೋದರು? ಹೆಸರಿಡುವ ಮೊದಲೇ, ರೋಗದ ಹೆಸರೂ ಗೊತ್ತಾಗದೆ ಹೋದರು. ಈ ಮನೆಯ ಮೊದಲ ಕೂಸೂ ಅವರಲ್ಲಿ ಒಂದು ಎಂದೇ ನಾನು ನಂಬುತ್ತೇನೆ.

ಇದನ್ನು ಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ವಾಂತಿ ಮಾಡುವ, ತೂಕ ಇಳಿದ ಎರಡನೇ-ಮೂರನೇ ವಾರದ ಕೂಸಿಗೆ ಸೋಡಿಯಂ, ಪೊಟ್ಯಾಸಿಯಂ ಮಾಡಿಸಿದರೆ ಸಾಕು. ಜಿಲ್ಲಾ ಆಸ್ಪತ್ರೆಯಲ್ಲಿ ಅದೇ ದಿನ ಸಿಗುವ ಪರೀಕ್ಷೆ ಇದು. ಜಠರದ ಬಾಯಿ ಕಟ್ಟಿದ ಕೂಸಿಗೆ ಪೊಟ್ಯಾಸಿಯಂ ಇಳಿಯುತ್ತದೆ, ಏಕೆಂದರೆ ಹೊಟ್ಟೆಯ ಆಮ್ಲ ವಾಂತಿಯಲ್ಲಿ ಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಅಡ್ರಿನಲ್ ಕೂಸಿಗೆ ಪೊಟ್ಯಾಸಿಯಂ ಏರುತ್ತದೆ, ರಕ್ತ ಆಮ್ಲದ ಕಡೆ ವಾಲುತ್ತದೆ. ವಾಂತಿ ಒಂದೇ, ಪೊಟ್ಯಾಸಿಯಂ ಹೋಗುವ ದಿಕ್ಕು ಮಾತ್ರ ಎದುರುಬದುರು.

ಇಲ್ಲೊಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಎಳೆಗೂಸಿನ ಹಿಮ್ಮಡಿ ಒತ್ತಿ ರಕ್ತ ತೆಗೆದರೆ ರಕ್ತಕಣ ಒಡೆದು, ಒಳಗಿನ ಪೊಟ್ಯಾಸಿಯಂ ಹೊರಬಂದು, ವರದಿಯಲ್ಲಿ ಸುಮ್ನೆ ಏರಿದಂತೆ ಕಾಣುತ್ತದೆ. ಅದಕ್ಕೇ 7, 8 ಬಂದ ಕೂಡಲೇ "ಸ್ಯಾಂಪಲ್ ಹಾಳಾಗಿದೆ" ಎಂದು ಬದಿಗಿಡುವ ರೂಢಿ. ಕಣ ಒಡೆದರೆ ಪೊಟ್ಯಾಸಿಯಂ ಏರಬಹುದು. ಸೋಡಿಯಂ 114ಕ್ಕೆ ಇಳಿಯುವುದಿಲ್ಲ. ಒಂದು ಇಳಿದು ಇನ್ನೊಂದು ಏರಿದ್ದರೆ ಆ ವರದಿಯನ್ನು ನಂಬಿ ಕೆಲಸ ಶುರು ಮಾಡಬೇಕು. ರಕ್ತನಾಳದಿಂದ ಮತ್ತೊಮ್ಮೆ ತೆಗೆದು ಖಚಿತ ಮಾಡಿಕೊಳ್ಳಿ, ಆದರೆ ಅದಕ್ಕಾಗಿ ಕಾಯಬೇಡಿ.

ನಾವು ಮಾಡಿದ್ದು ಇಷ್ಟು. ಸೂಜಿ ಹಾಕಿದಾಗಲೇ ಒಂದಷ್ಟು ರಕ್ತ ತೆಗೆದು ಬೇರೆ ಇಟ್ಟೆವು. ರೋಗ ಖಚಿತ ಮಾಡುವ 17-ಹೈಡ್ರಾಕ್ಸಿ ಪ್ರೊಜೆಸ್ಟಿರಾನ್ ಪರೀಕ್ಷೆಗೆ ಅದು ಬೇಕು. ತೂಬಿನ ಹಿಂದೆ ತುಂಬಿಕೊಳ್ಳುವ ನೀರು ಅದೇ. ಸ್ಟೆರಾಯ್ಡ್ ಕೊಟ್ಟ ಮೇಲೆ ತೆಗೆದರೆ ಪ್ರಮಾಣ ಇಳಿದುಬಿಡುತ್ತದೆ. ಆಮೇಲೆ ಸಾದಾ ಸಲೈನ್, ಕಿಲೋಗೆ 20 ಮಿಲಿಯಂತೆ 50 ಮಿಲಿ. ಸಕ್ಕರೆ ಕಡಿಮೆ ಇದ್ದದ್ದಕ್ಕೆ ಶೇಕಡ 10ರ ಡೆಕ್ಸ್‌ಟ್ರೋಸ್ 5 ಮಿಲಿ. ಹೈಡ್ರೋಕಾರ್ಟಿಸೋನ್ 25 ಮಿಲಿಗ್ರಾಂ ನೇರ ರಕ್ತನಾಳಕ್ಕೆ. ಪೊಟ್ಯಾಸಿಯಂಗೆ ಹೃದಯದ ಬಡಿತ ತಪ್ಪುವ ಭಯ ಇರುತ್ತದೆ, ಅದಕ್ಕೇ ಇಸಿಜಿ ಪರದೆಯ ಮುಂದೆಯೇ ನಿಂತಿದ್ದೆವು. ಇನ್ಸುಲಿನ್ ಕೊಟ್ಟು ಪೊಟ್ಯಾಸಿಯಂ ಇಳಿಸುವ ರೂಢಿ ಇದೆ. ಆದರೆ ಈ ಮಕ್ಕಳ ಸಕ್ಕರೆ ಮೊದಲೇ ಇಳಿದಿರುತ್ತದೆ, ಹಾಗಾಗಿ ತುಂಬಾ ಹುಷಾರಾಗಿರಬೇಕು. ಸಾಮಾನ್ಯವಾಗಿ ಸಲೈನ್ ಮತ್ತು ಹೈಡ್ರೋಕಾರ್ಟಿಸೋನ್ ಎರಡೇ ಆ ಕೆಲಸ ಮಾಡುತ್ತವೆ. ಸಂಜೆಗೆ ಪೊಟ್ಯಾಸಿಯಂ 6.1ಕ್ಕೆ ಬಂತು. ಸೋಡಿಯಂ ಅನ್ನು ಬೇಗ ಏರಿಸಬಾರದು, ಮೆದುಳಿಗೆ ಪೆಟ್ಟಾಗುತ್ತದೆ. ಮೂರು ದಿನದಲ್ಲಿ ನಿಧಾನವಾಗಿ 133 ಮುಟ್ಟಿತು.

ಕೂಸು ಕಣ್ಣು ಬಿಟ್ಟು ಮೊಲೆ ಚೀಪಿದ ರಾತ್ರಿ ಅಜ್ಜಿ ಕೇಳಿದರು, "ಮೇಡಂ, ಗಂಡೋ ಹೆಣ್ಣೋ ಮೊದ್ಲ ಹೇಳ್ರಿ. ಊರಾಗ ಕೇಳ್ತಾರ."

"ಅವ್ವಾ, ಮೊದಲು ಕೂಸು ಉಳೀಲಿ. ನಾಳೆ ಹೊಟ್ಟೆ ಸ್ಕ್ಯಾನ್ ಮಾಡ್ತೀವಿ, ರಕ್ತದ ಪರೀಕ್ಷೆ ಕಳಿಸ್ತೀವಿ. ನನಗ ಗೊತ್ತಾಗೂತನಕ ನಾನು ಸುಳ್ಳು ಹೇಳೂದಿಲ್ಲ," ಎಂದೆ. ಅವರು ತಲೆಯಾಡಿಸಿದರು. ಆದರೂ ರಾತ್ರಿಯಿಡೀ ಬಾಗಿಲಲ್ಲೇ ಕೂತಿದ್ದರು.

ಈ ಪ್ರಶ್ನೆಗೆ ಅವಸರದ ಉತ್ತರ ಕೊಡುವುದೇ ದೊಡ್ಡ ಅನ್ಯಾಯ. ಹೆರಿಗೆ ಕೋಣೆಯಲ್ಲಿ ನೋಡಿದ ಕೂಡಲೇ ಗಂಡು ಎಂದೋ, ಅದಕ್ಕಿಂತ ಕೆಟ್ಟದಾಗಿ "ಎರಡೂ ಅಲ್ಲ" ಎಂದೋ ಅಂದುಬಿಟ್ಟರೆ ಆ ಮಾತು ಊರು ತುಂಬುತ್ತದೆ, ಮಗುವಿನ ಬೆನ್ನು ಬಿಡುವುದಿಲ್ಲ. "ಜನನಾಂಗ ಇನ್ನೂ ಪೂರ್ತಿ ರೂಪ ತಾಳಿಲ್ಲ, ಪರೀಕ್ಷೆ ಮಾಡಿ ಹೇಳುತ್ತೇವೆ" ಎನ್ನುವುದು ನಿಜವೂ ಹೌದು, ಮನೆಯವರಿಗೆ ತಡೆದುಕೊಳ್ಳಲು ಆಗುವ ಮಾತೂ ಹೌದು. ಕಾಗದಪತ್ರದಲ್ಲೂ ಹೆಸರಿಗೆ ಅವಸರವಿಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು ಅವಕಾಶವಿದೆ.

ಮರುದಿನ ಸ್ಕ್ಯಾನಿನಲ್ಲಿ ಗರ್ಭಕೋಶ ಕಂಡಿತು. ಕೆಲವು ದಿನದಲ್ಲಿ ಹಾರ್ಮೋನಿನ ವರದಿ ಬಂತು. 17-ಹೈಡ್ರಾಕ್ಸಿ ಪ್ರೊಜೆಸ್ಟಿರಾನ್ ಸಾಮಾನ್ಯ ಕೂಸಿಗಿಂತ ನೂರಾರು ಪಟ್ಟು ಜಾಸ್ತಿ ಇತ್ತು. ಕ್ರೋಮೋಸೋಮಿನಲ್ಲಿ ಎರಡು ಎಕ್ಸ್. ತಂದೆ-ತಾಯಿ ಇಬ್ಬರನ್ನೂ ಕೂರಿಸಿ ಚಿತ್ರ ಬರೆದು ಹೇಳಿದೆ: ಇದು ಹೆಣ್ಣು ಕೂಸು. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಶಾಲೆಗೆ ಹೋಗುತ್ತಾಳೆ, ದೊಡ್ಡವಳಾಗುತ್ತಾಳೆ, ಮುಟ್ಟಾಗುತ್ತಾಳೆ. ಮುಂದೆ ಮಕ್ಕಳನ್ನು ಹಡೆಯಲೂ ಆಗುತ್ತದೆ.

ತಂದೆಯ ಪ್ರಶ್ನೆ ಆಪರೇಷನ್ ಬಗ್ಗೆ ಇತ್ತು. "ಈಗಲೇ ಸರಿ ಮಾಡಿಬಿಡ್ರಿ, ಯಾರಿಗೂ ಗೊತ್ತಾಗಬಾರ್ದು." ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಮೂತ್ರ ಸರಾಗವಾಗಿ ಹೋಗುತ್ತಿದ್ದರೆ ಎಳೆಗೂಸಿಗೆ ಕತ್ತರಿ ಹಾಕುವ ಅವಸರ ಏನೂ ಇಲ್ಲ. ಚಿಕಿತ್ಸೆ ಶುರುವಾದರೆ ಚಂದ್ರನಾಡಿ ಮತ್ತೆ ಬೆಳೆಯುವುದು ನಿಲ್ಲುತ್ತದೆ, ಮೈ ಬೆಳೆದಂತೆ ಅದು ಅಷ್ಟಾಗಿ ಎದ್ದು ಕಾಣುವುದೂ ಕಡಿಮೆ ಆಗಬಹುದು. ಆ ಭಾಗದ ನರಕ್ಕೆ ಪೆಟ್ಟಾದರೆ ಸಂವೇದನೆ ಮರಳಿ ಬರುವುದಿಲ್ಲ. ಮದ್ರಾಸ್ ಹೈಕೋರ್ಟ್ 2019ರಲ್ಲಿ ಇಂಥ ಮಕ್ಕಳ ಪರವಾಗಿ ಹೇಳಿದ ಮೇಲೆ, ಪ್ರಾಣಕ್ಕೆ ಅಪಾಯ ಇದ್ದಾಗ ಬಿಟ್ಟು ಎಳೆಮಕ್ಕಳಿಗೆ ಇಂಥ ಆಪರೇಷನ್ ಮಾಡಬಾರದೆಂದು ತಮಿಳುನಾಡು ಸರ್ಕಾರ ಆದೇಶ ಹೊರಡಿಸಿತು. ವೈದ್ಯರಲ್ಲಿ ಇದರ ಬಗ್ಗೆ ಒಮ್ಮತ ಇಲ್ಲ. ನನ್ನ ಮಟ್ಟಿಗೆ, ಹುಡುಗಿ ತಾನೇ ಮಾತಾಡುವ ವಯಸ್ಸಿನವರೆಗೆ ಕಾಯುವುದು ಸರಿ.

ಕಷ್ಟ ಇರುವುದು ಮನೆಗೆ ಹೋದ ಮೇಲೆ. ಈ ಕೂಸಿಗೆ ದಿನಕ್ಕೆ ಬೇಕಾದ ಹೈಡ್ರೋಕಾರ್ಟಿಸೋನ್ ಸುಮಾರು 2.5 ಮಿಲಿಗ್ರಾಂ, ಮೂರು ಹೊತ್ತಿಗೆ ಹಂಚಿ. ಅಂಗಡಿಯಲ್ಲಿ ಸಿಗುವ ಸಣ್ಣ ಮಾತ್ರೆ 5 ಮಿಲಿಗ್ರಾಂನದು. ಅಂದರೆ ಒಂದು ಮಾತ್ರೆಯನ್ನು ಆರು ಪಾಲು ಮಾಡಬೇಕು. ಬ್ಲೇಡಿನಿಂದ ಕತ್ತರಿಸಿದರೆ ಒಂದು ಪಾಲು ಪುಡಿ, ಇನ್ನೊಂದು ಗಟ್ಟಿ. ನೀರಿಗೆ ಹಾಕಿದರೆ ಈ ಔಷಧಿ ಪೂರ್ತಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಮೇಲಿನ ನೀರು ಕುಡಿಸಿದ ದಿನ ಕಡಿಮೆ, ತಳದ್ದು ಕುಡಿಸಿದ ದಿನ ಜಾಸ್ತಿ. ಔಷಧಿ ಅಂಗಡಿಯವರಿಂದ ತೂಕ ಮಾಡಿಸಿ ಪುಡಿಯ ಪೊಟ್ಟಣ ಕಟ್ಟಿಸಿಕೊಳ್ಳುವುದು ನನಗೆ ಕಂಡ ಒಳ್ಳೆಯ ದಾರಿ. ಒಂದೊಂದು ಪೊಟ್ಟಣವನ್ನು ಎದೆಹಾಲಿನ ನಾಲ್ಕು ಹನಿಯಲ್ಲಿ ಕಲಸಿ ಚಮಚದಲ್ಲಿ ಕೊಟ್ಟು, ಆಮೇಲೆ ಹಾಲು ಕುಡಿಸಬೇಕು. ಇದರ ಜೊತೆ ಅಲ್ಡೋಸ್ಟಿರಾನ್ ಬದಲಿಗೆ ಫ್ಲೂಡ್ರೋಕಾರ್ಟಿಸೋನ್. ಅದರ 0.1 ಮಿಲಿಗ್ರಾಂ ಮಾತ್ರೆ ದಿನಕ್ಕೆ ಒಂದು.

ಮೂರನೆಯದು ಅಡುಗೆ ಮನೆಯ ಉಪ್ಪು. ದಿನಕ್ಕೆ 1 ಗ್ರಾಂ, ಸಮತಟ್ಟಾದ ಟೀ ಚಮಚದ ಐದರಲ್ಲಿ ಒಂದು ಪಾಲಿನಷ್ಟು. ಕಣ್ಣಳತೆ ಸಾಲದು. ಅದನ್ನೂ ತೂಕ ಮಾಡಿಸಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ ಆರೇಳು ಸಲಕ್ಕೆ ಹಂಚಿ ಹಾಲಿನ ಜೊತೆ ಕೊಡಬೇಕು. "ವರ್ಷ ತುಂಬೂತನಕ ಉಪ್ಪು ಹಾಕಬಾರ್ದು ಅಂತ ನೀವ ಹೇಳ್ತೀರಲ್ರೀ," ಎಂದರು ಅಜ್ಜಿ. ಸರಿಯಾದ ಮಾತು. ಬೇರೆ ಮಕ್ಕಳಿಗೆ ಹಾಕಬಾರದು. ಈ ಕೂಸು ಉಪ್ಪು ಸೋರುವ ಮಡಿಕೆ, ಇದಕ್ಕೆ ಹಾಕಲೇಬೇಕು. ಪಕ್ಕದ ಮನೆಯವರು ಬಂದು ಹೇಳಿದರೂ ನಿಲ್ಲಿಸಬಾರದು ಎಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ.

ಸ್ಟೆರಾಯ್ಡ್ ಅಂದರೆ ಜನರಿಗೆ ಭಯ. ಒಂದು ತಿಂಗಳು ಕೂಸು ದುಂಡಗಾದ ಕೂಡಲೇ ಮಾತ್ರೆ ಬಿಡಿಸುತ್ತಾರೆ. ಇಲ್ಲಿ ಕೊಡುತ್ತಿರುವುದು ಬೇರೆಯವರ ಮೈ ತಾನೇ ಮಾಡಿಕೊಳ್ಳುವಷ್ಟನ್ನು, ಅಷ್ಟೇ. ಒಂದು ದಿನ ಬಿಟ್ಟರೂ ಅಪಾಯ. ಮೈ ಬಿಸಿಯಾಗಿ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜ್ವರ ಬಿಡುವವರೆಗೆ ಹೈಡ್ರೋಕಾರ್ಟಿಸೋನ್ ಎರಡು-ಮೂರು ಪಟ್ಟು ಮಾಡಬೇಕು. ಮಾತ್ರೆ ಕೊಟ್ಟ ಮೇಲೂ ವಾಂತಿ ನಿಲ್ಲದಿದ್ದರೆ ತೊಡೆಗೆ 25 ಮಿಲಿಗ್ರಾಂ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಹೊರಡಬೇಕು. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಹಳ್ಳಿಯಿಂದ ರಾತ್ರಿ ಹುಬ್ಬಳ್ಳಿ ಮುಟ್ಟಲು ಗಾಡಿ ಸಿಕ್ಕರೂ ಒಂದೆರಡು ತಾಸು ಬೇಕು, ಅಲ್ವಾ? ಆ ಇಂಜೆಕ್ಷನ್ ಮನೆಯಲ್ಲೇ ಇರಬೇಕು. ತಾಯಿಗೆ ಹಾಕಲು ಬರಬೇಕು. ಈ ತಾಯಿ ಮೊದಲ ದಿನ ಸಿರಿಂಜು ಮುಟ್ಟಲೂ ಹೆದರಿದ್ದಳು. ಆಸ್ಪತ್ರೆ ಬಿಡುವ ದಿನ ಬದನೆಕಾಯಿಯ ಮೇಲೆ ನಾಲ್ಕು ಸಲ ಚುಚ್ಚಿ ತೋರಿಸಿದಳು.

ಇಂಥ ಕೂಸುಗಳು ನಮ್ಮ ಭಾಗದಲ್ಲಿ ಎಷ್ಟು ಹುಟ್ಟುತ್ತವೆ? ಜಗತ್ತಿನಲ್ಲಿ ಸುಮಾರು 15,000ಕ್ಕೆ ಒಂದು ಎನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಎಳೆಗೂಸುಗಳನ್ನು ಪರೀಕ್ಷಿಸಿದಾಗ 5,762ಕ್ಕೆ ಒಂದು ಸಿಕ್ಕಿತು. ಧಾರವಾಡ, ಗದಗ, ಹಾವೇರಿ ಸೇರಿ 2011ರ ಗಣತಿಯಲ್ಲಿ ಸುಮಾರು 45 ಲಕ್ಷ ಜನ. ವರ್ಷಕ್ಕೆ 70,000 ಹೆರಿಗೆ ಎಂದು ಹಿಡಿದರೆ ನನ್ನ ಲೆಕ್ಕದಲ್ಲಿ 5ರಿಂದ 12 ಕೂಸುಗಳು. ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಮದುವೆ ಮಾಡುವ ನಮ್ಮಲ್ಲಿ ಜಾಸ್ತಿಯೇ ಇರಬಹುದು. ಏಕೆಂದರೆ ಕೆಟ್ಟ ಜೀನಿನ ಪ್ರತಿ ತಂದೆ-ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ ಬರುತ್ತದೆ.

ಹುಟ್ಟಿದ 48ರಿಂದ 72 ಗಂಟೆಯೊಳಗೆ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಹೀರಿಸಿ ಪರೀಕ್ಷಿಸಿದರೆ ಉಪ್ಪು ಇಳಿಯುವ ಮೊದಲೇ ಹಿಡಿಯಬಹುದು. ಗೋವಾ, ಕೇರಳ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ತಪಾಸಣೆ ನಡೆಸಿವೆ. ನಮ್ಮ ತಾಲೂಕುಗಳಲ್ಲಿ ಹುಟ್ಟುವ ಹೆಚ್ಚಿನ ಕೂಸುಗಳಿಗೆ ಅದು ಸಿಗುವುದಿಲ್ಲ, ಸಿಗಬೇಕು. ಇದಕ್ಕೂ ಮಿತಿ ಇದೆ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಕಾಯಿಲೆ ಇಲ್ಲದಿದ್ದರೂ ಆ ಹಾರ್ಮೋನು ಏರಿರುತ್ತದೆ, ಸುಮ್ನೆ ಗಾಬರಿ. ವರದಿ ಹತ್ತು ದಿನ ತಡವಾಗಿ ಬಂದರೆ ಪರೀಕ್ಷೆಯಿಂದ ಪ್ರಯೋಜನವೇ ಇಲ್ಲ.

ಅಲ್ಲಿಯವರೆಗೆ ಕೈಯಲ್ಲಿರುವುದು ಆಶಾ ಅಕ್ಕನ ತಕ್ಕಡಿ. ಅವರು ಮನೆಗೆ ಬರುವ ದಿನಗಳು ಈಗಾಗಲೇ ಗೊತ್ತಿವೆ: 3, 7, 14, 21, 28, 42. ಈ ಕಾಯಿಲೆ ಬಲಿಯುವುದು ಸರಿಯಾಗಿ 7, 14, 21ರ ನಡುವೆ. 14ನೇ ದಿನ ಹುಟ್ಟಿದ ತೂಕಕ್ಕೆ ಮರಳದ, ಹಾಲು ಬಿಟ್ಟ, ವಾಂತಿ ಮಾಡುವ ಕೂಸಿನ ಕಾರ್ಡಿನ ಮೇಲೆ "ಸೋಡಿಯಂ, ಪೊಟ್ಯಾಸಿಯಂ ನೋಡಿಸಿ" ಎಂದು ಒಂದು ಸಾಲು ಬರೆದು ಕಳಿಸಿದರೆ ಸಾಕು. ಮನೆಯಲ್ಲಿ ಹಿಂದೆ ಒಂದು ಕೂಸು ತಿಂಗಳೊಳಗೆ ವಾಂತಿಯಾಗಿ ತೀರಿಕೊಂಡಿದ್ದರೆ 14ರವರೆಗೂ ಕಾಯಬಾರದು.

ಆ ಹುಡುಗಿಯನ್ನು ಮೂರನೇ ತಿಂಗಳಲ್ಲಿ ತೊಟ್ಟಿಲಿಗೆ ಹಾಕಿದರು. ಗುಗ್ಗರಿಯನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ ನನಗೂ ತಂದುಕೊಟ್ಟರು. ತೂಕ 5.1 ಕಿಲೋ ಇತ್ತು, ಸೋಡಿಯಂ 138. ಅಜ್ಜಿ ಹೊರಗೆ ಹೋದ ಮೇಲೆ ತಾಯಿ ಮೊದಲ ಸಲ ತಾನಾಗಿ ಮಾತಾಡಿದಳು. "ಮೊದಲನೇ ಕೂಸಿಗೂ ಇದ ಆಗಿತ್ತೇನ್ರೀ?"

ಆಗಿರಬೇಕು ಅಂದೆ. ನಿಮ್ಮ ಹಾಲಿನದಾಗಲಿ, ಆರೈಕೆಯದಾಗಲಿ ತಪ್ಪೇನೂ ಇರಲಿಲ್ಲ ಅಂದೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ ಎಂದೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ತಾಯಿ ಕಾರ್ಡನ್ನು ಮುಂದೆ ಚಾಚಿದಳು. ಅದರ ಹಿಂಬದಿಯಲ್ಲಿ ನಾನು ಬರೆದೆ: "ಮುಂದಿನ ಹೆರಿಗೆ ದೊಡ್ಡ ಆಸ್ಪತ್ರೆಯಲ್ಲಿ. 3ನೇ ದಿನ 17-ಹೈಡ್ರಾಕ್ಸಿ ಪ್ರೊಜೆಸ್ಟಿರಾನ್. 5ನೇ ದಿನ, 8ನೇ ದಿನ ಸೋಡಿಯಂ, ಪೊಟ್ಯಾಸಿಯಂ. ಗಂಡಾದರೂ ಬಿಡಬಾರದು."